ಬದಲಾವಣೆ ಅವರದು, ಮುಂದುವರಿಕೆ ನನ್ನದು

ನಮ್ಮ ಶಾಲೆಯಲ್ಲಿ ಇತಿಹಾಸ ಹೇಳುವವರು ಇಬ್ಬರು. ಒಬ್ಬಳು ನಾನು, ಇನ್ನೊಬ್ಬರು ನನ್ನ ಗಂಡ. ಇಪ್ಪತ್ತಾರು ವರ್ಷದಿಂದ ಒಂದೇ ಮನೆಯಿಂದ ಹೊರಟು, ಒಂದೇ ಗೇಟು ಹೊಕ್ಕು, ಸ್ಟಾಫ್ ರೂಮಿನಲ್ಲಿ ಎದುರುಬದುರು ಕೂರುತ್ತೇವೆ. ಇದನ್ನು ಕೇಳಿದವರೆಲ್ಲ "ಎಷ್ಟು ಚೆನ್ನಾಗಿದೆ!" ಎನ್ನುತ್ತಾರೆ. ಹಾಗೆ ಹೇಳಿದವರಲ್ಲಿ ಒಬ್ಬರೂ ಗಂಡನ ಜೊತೆ ಒಂದೇ ಚಾಕ್ ಪೀಸಿನ ಡಬ್ಬ ಹಂಚಿಕೊಂಡವರಲ್ಲ.

ಈ ವರ್ಷದ ತಪ್ಪು ಆ ಹಂಚಿಕೆಯ ಚಟದಿಂದಲೇ ಆಯಿತು. ಹತ್ತನೇ ತರಗತಿಗೆ 'ಪಟ್ಟಣದ ನೀರು' ಎಂಬ ಪಾಠವಿದೆ. ಸಾವಿರದ ಎಂಟುನೂರ ಐವತ್ತರಿಂದ ಎರಡು ಸಾವಿರದವರೆಗೆ, ನೂರೈವತ್ತು ವರ್ಷ ಒಂದು ಪಟ್ಟಣಕ್ಕೆ ನೀರು ಹೇಗೆ ಬಂತು ಎಂಬ ಕಥೆ. ಅದರ ಕೊನೆಗೆ ಹನ್ನೆರಡು ಅಂಕದ ಪ್ರಶ್ನೆ: "ಈ ಅವಧಿಯಲ್ಲಿ ಎಷ್ಟರಮಟ್ಟಿಗೆ ಬದಲಾವಣೆಯಾಯಿತು? ಏನು ಮುಂದುವರಿಯಿತು? ಚರ್ಚಿಸಿ." ಎರಡು ಸೆಕ್ಷನ್ನು, ಇರುವ ಪೀರಿಯಡ್ಡು ಕಡಿಮೆ. ನನ್ನ ಯಜಮಾನರು ಒಂದು ದಿನ ಟಿಫಿನ್ ಡಬ್ಬಿ ಮುಚ್ಚುತ್ತಾ, "ಒಂದು ಕೆಲ್ಸ ಮಾಡೋಣ ಕಣೇ. ನಾನು ಎ ಸೆಕ್ಷನ್‌ಗೆ ಬದಲಾವಣೆ ಹೇಳ್ತೀನಿ, ನೀನು ಬಿ ಸೆಕ್ಷನ್‌ಗೆ ಮುಂದುವರಿಕೆ ಹೇಳು. ಎರಡು ವಾರ ಆದ್ಮೇಲೆ ಸೆಕ್ಷನ್ ಅದಲುಬದಲು ಮಾಡ್ಕೊಳ್ಳೋಣ" ಎಂದರು.

ನಾನು ಒಪ್ಪಿದೆ. ಅದು ನನ್ನ ತಪ್ಪು, ಯಾರ ಮೇಲೂ ಹಾಕುವುದಿಲ್ಲ. ಬದಲಾವಣೆ ಅವರಿಗೆ ಸಹಜವಾಗಿ ಒಗ್ಗುತ್ತದೆ. ರೈಲು ಬಂತು, ಕರೆಂಟು ಬಂತು ಎಂದು ಹೇಳುವಾಗ ಅವರೇ ತಂದುಕೊಟ್ಟ ಹಾಗೆ ಎದೆ ಉಬ್ಬುತ್ತದೆ. ನನಗೆ ಮಾತ್ರ ಯಾವುದನ್ನು ನೋಡಿದರೂ, ಇದು ಮೊದಲೂ ಹೀಗೇ ಇತ್ತಲ್ಲ ಅನ್ನಿಸುತ್ತದೆ.

ಎರಡು ವಾರ ಆದ ಮೇಲೆ ಕ್ರೀಡಾಕೂಟ ಬಂತು. ಪಿ.ಟಿ. ಮೇಷ್ಟ್ರು ನಮ್ಮ ಪೀರಿಯಡ್ಡುಗಳನ್ನೆಲ್ಲ ಓಟಕ್ಕೂ ಹಗ್ಗಜಗ್ಗಾಟಕ್ಕೂ ಎತ್ತಿಕೊಂಡು ಹೋದರು. ಅದಲುಬದಲು ಆಗಲೇ ಇಲ್ಲ. ಅಷ್ಟರಲ್ಲಿ ಮೊದಲ ಪೂರ್ವಸಿದ್ಧತಾ ಪರೀಕ್ಷೆ ಬಂದು ಕೂತಿತು.

ಉತ್ತರಪತ್ರಿಕೆ ನೋಡಿದ ಹೆಡ್ ಮಿಸ್ ನಮ್ಮಿಬ್ಬರನ್ನೂ ಕರೆಸಿದರು. ಅವರು ಗಣಿತದವರು. ಬೈಯುವಾಗಲೂ ಲೆಕ್ಕ ತಪ್ಪುವುದಿಲ್ಲ.

"ಎ ಸೆಕ್ಷನ್ ಪ್ರಕಾರ ಈ ಪಟ್ಟಣದಲ್ಲಿ ಎಲ್ಲಾ ಬದಲಾಗಿದೆ. ಬಿ ಸೆಕ್ಷನ್ ಪ್ರಕಾರ ಏನೂ ಬದಲಾಗಿಲ್ಲ. ಎರಡು ಸೆಕ್ಷನ್ ಮಧ್ಯೆ ಇರೋದು ಒಂದು ಗೋಡೆ. ಗೋಡೆ ಆ ಕಡೆಗೆ ಒಂದು ಇತಿಹಾಸ, ಈ ಕಡೆಗೆ ಇನ್ನೊಂದಾ?"

ಅರವತ್ತೆಂಟು ಮಕ್ಕಳಲ್ಲಿ ಯಾರಿಗೂ ಹನ್ನೆರಡಕ್ಕೆ ಐದು ದಾಟಿರಲಿಲ್ಲ. ಎ ಸೆಕ್ಷನ್ನಿನಲ್ಲಿ ಒಬ್ಬ ಹುಡುಗಿ ಇದ್ದಾಳೆ, ಯಾವ ಪ್ರಶ್ನೆ ಕೇಳಿದರೂ ಒಂದು, ಎರಡು, ಮೂರು ಎಂದು ಬರೆಯುತ್ತಾಳಾದ್ದರಿಂದ ಎಲ್ಲರೂ ಅವಳನ್ನು ಪಟ್ಟಿ ಎಂದೇ ಕರೆಯುತ್ತಾರೆ. ಅವಳು ಹದಿನೇಳು ಬದಲಾವಣೆ ಬರೆದಿದ್ದಳು. ಬಾವಿ, ಕೊಳವೆ, ನಲ್ಲಿ, ಪಂಪು, ಟ್ಯಾಂಕು, ಬಾಟಲಿ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ, ಮದುವೆ ಮನೆಗೆ ಬಂದವರ ಹೆಸರು ಬರೆದ ಹಾಗೆ. ನನ್ನ ಬಿ ಸೆಕ್ಷನ್ನಿನ ಒಬ್ಬ ಮಹಾನುಭಾವ ಬರೆದಿದ್ದ: "ಈ ನೂರೈವತ್ತು ವರ್ಷವೂ ನೀರು ಒದ್ದೆಯಾಗಿಯೇ ಮುಂದುವರಿಯಿತು."

ಹೆಡ್ ಮಿಸ್ ಆ ಸಾಲನ್ನು ಎರಡು ಸಲ ಓದಿದರು. ನನ್ನ ಯಜಮಾನರು ಕೆಮ್ಮಿದರು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತು.

"ಇನ್ನು ಮೂರು ವಾರಕ್ಕೆ ಎರಡನೇ ಪರೀಕ್ಷೆ. ಪೇಪರ್ ನೀವು ನೋಡೋ ಹಾಗಿಲ್ಲ, ಪಕ್ಕದ ಶಾಲೆಗೆ ಕಳಿಸ್ತೀನಿ. ಆ ಪ್ರಶ್ನೆಗೆ ಸರಾಸರಿ ಎಂಟು ಬರದೇ ಇದ್ರೆ ಹತ್ತನೇ ತರಗತಿ ಇತಿಹಾಸ ಪಿ.ಟಿ. ಮೇಷ್ಟ್ರಿಗೆ. ಅವರದ್ದೂ ಇತಿಹಾಸದ ಡಿಗ್ರಿನೇ. ನೀವು ನಾಲ್ಕನೇ ತರಗತಿಗೆ, ಯಜಮಾನರು ಐದನೇ ತರಗತಿಗೆ."

ನಾಲ್ಕನೇ ತರಗತಿಯ ಕೂಸುಗಳ ಮೇಲೆ ನನಗೆ ದ್ವೇಷವಿಲ್ಲ. ಆದರೆ ಅವು ಹೇಳಿದ್ದನ್ನೆಲ್ಲ ನಂಬುತ್ತವೆ. ಹತ್ತನೇ ತರಗತಿಯವರು ನಂಬುವುದಿಲ್ಲ, ಎದುರು ಮಾತಾಡುತ್ತಾರೆ, ಆಕಳಿಸುತ್ತಾರೆ, ಒಂದು ದಿನ ಇದ್ದಕ್ಕಿದ್ದ ಹಾಗೆ ಕಣ್ಣರಳಿಸಿ "ಹೌದಲ್ವಾ ಮಿಸ್!" ಎನ್ನುತ್ತಾರೆ. ಆ ಒಂದು ಮಾತಿಗಾಗಿ ನಾನು ಬೆಳಿಗ್ಗೆ ಎದ್ದು ಬಸ್ಸು ಹತ್ತುವವಳು. ನಿವೃತ್ತಿಗೆ ಎರಡು ವರ್ಷ ಇರುವಾಗ ಅದನ್ನು ಕಳೆದುಕೊಳ್ಳುವುದು ಎಂದರೆ ನನಗೆ ಸಂಕಟವೇ ಆಯಿತು, ಮುಚ್ಚಿಡುವುದೇನಿದೆ.

ಪಿ.ಟಿ. ಮೇಷ್ಟ್ರು ಒಳ್ಳೆಯವರು, ಅದೇ ಕಿರಿಕಿರಿ. ಕೊರಳಲ್ಲಿ ಸೀಟಿ ನೇತುಹಾಕಿಕೊಂಡೇ ಬಂದು ಸಲಹೆ ಕೊಟ್ಟರು. "ಮೇಡಂ, ಇದಕ್ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀರಿ? ಹಾಳೆ ಮಧ್ಯೆ ಸ್ಕೇಲಲ್ಲಿ ಒಂದು ಗೆರೆ. ಎಡಗಡೆ ಬದಲಾವಣೆ ಆರು, ಬಲಗಡೆ ಮುಂದುವರಿಕೆ ಆರು. ಆರಾರ್ಲೆ ಹನ್ನೆರಡು."

"ಆರು ಆರ್ಲೆ ಮೂವತ್ತಾರು" ಎಂದು ನನ್ನ ಯಜಮಾನರು ಗೊಣಗಿದರು. ಆದರೂ ಬೇರೆ ದಾರಿ ಕಾಣದೆ ನಾವು ಗೆರೆ ಎಳೆಸಿದೆವು. ಎರಡು ದಿನ ಎರಡೂ ಸೆಕ್ಷನ್ ಸೇರಿಸಿ ಕೂರಿಸಿ, ಎಡಗಡೆ ಅವರು, ಬಲಗಡೆ ನಾನು. ಮೂರನೇ ದಿನ ಪಟ್ಟಿ ಕೈ ಎತ್ತಿದಳು.

"ಮಿಸ್, ಎಡಗಡೆ ಎಲ್ಲಾ ಬದಲಾಯ್ತು ಅಂತ ಬರೆದೆ. ಬಲಗಡೆ ಎಲ್ಲಾ ಹಂಗೇ ಇತ್ತು ಅಂತ ಬರೆದೆ. ಈಗ ಕೊನೇಲಿ 'ಎಷ್ಟರಮಟ್ಟಿಗೆ' ಅಂತ ಕೇಳಿದಾರಲ್ಲ, ಅದಕ್ಕೆ ಯಾವ ಕಡೆ ಬರೀಲಿ? ಗೆರೆ ಮೇಲಾ?"

ಇಡೀ ತರಗತಿ ನಕ್ಕಿತು. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ, ಗಂಟೆ ಹೊಡೆದು ಮಾನ ಉಳಿಸಿತು.

ಆ ಭಾನುವಾರ ಅಡುಗೆ ಮನೆಯ ಮೇಜಿನ ಮೇಲೆ ಒಂದು ಬಿಳಿ ಹಾಳೆ ಇಟ್ಟುಕೊಂಡು ಮಾದರಿ ಉತ್ತರ ಬರೆಯಲು ಕೂತೆವು. ಅತ್ತೆ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಬೀನ್ಸಿನ ನಾರು ತೆಗೆಯುತ್ತಿದ್ದರು. ಎಂಬತ್ತೊಂದು ವರ್ಷ, ಕಿವಿ ಮಾತ್ರ ಇಪ್ಪತ್ತರದ್ದು.

"ಮೊದಲ ಸಾಲು ನಾನು ಬರೀತೀನಿ" ಎಂದರು ಇವರು. "ಬಾವಿಯಿಂದ ಬೀದಿ ನಲ್ಲಿ, ಬೀದಿ ನಲ್ಲಿಯಿಂದ ಮನೆ ನಲ್ಲಿ, ಅಲ್ಲಿಂದ ಮೋಟಾರು, ಟ್ಯಾಂಕು. ನೀರಿನ ವಿಷಯದಲ್ಲಿ ಸಂಪೂರ್ಣ ಬದಲಾವಣೆ."

"ಸಂಪೂರ್ಣ ಹೇಗಾಗುತ್ತೆ ರೀ? ಇವತ್ತು ಬೆಳಿಗ್ಗೆ ಮೋಟಾರು ಹಾಕಿದ್ದು ಯಾರು?"

"ನೀನು. ಅದಕ್ಕೂ ಇದಕ್ಕೂ ಏನು ಸಂಬಂಧ?"

"ನಿನ್ನೆ?"

"ನೀನೇ. ಇತಿಹಾಸ ಮಾತಾಡುವಾಗ ಮನೆ ವಿಷಯ ಯಾಕೆ ತರ್ತೀಯ?"

"ನಲ್ಲಿ ನೀರು ಬರೋದು ಐದು ಗಂಟೆಗೆ. ಐದಕ್ಕೆ ಎದ್ದು ಸಂಪು ತುಂಬಿತಾ ನೋಡಿ, ಮೋಟಾರು ಹಾಕಿ, ಟ್ಯಾಂಕ್ ತುಂಬೋ ತನಕ ಕಾದು, ಆರಿಸಿ ಬರೋದು ಇಪ್ಪತ್ತಾರು ವರ್ಷದಿಂದ ನಾನು. ಅದಕ್ಕೆ ಮುಂಚೆ ನಿಮ್ಮಮ್ಮ. ಏನು ಬದಲಾಯ್ತು? ಏನೂ ಇಲ್ಲ. ಹಾಗಂತ ಬರೀರಿ."

ಅತ್ತೆ ನಾರನ್ನು ತಟ್ಟೆಯಂಚಿಗೆ ಒರೆಸಿದರು.

"ಏನೂ ಬದಲಾಗಿಲ್ಲ ಅಂತ ಯಾವ ಬಾಯಲ್ಲಿ ಹೇಳ್ತೀಯಮ್ಮಾ? ನಾನು ಮದುವೆಯಾಗಿ ಬಂದಾಗ ಬಾವಿ. ಬೆಳಿಗ್ಗೆ ಐದಕ್ಕೆ ಎದ್ದು ಹನ್ನೆರಡು ಕೊಡ ಸೇದ್ತಿದ್ದೆ. ಅಂಗೈ ನೋಡು, ಈಗಲೂ ಗಟ್ಟಿ ಇದೆ. ಆಮೇಲೆ ಬೀದಿ ನಲ್ಲಿ ಬಂತು, ಎಲ್ಲರೂ ಸುಖ ಬಂತು ಅಂದ್ರು. ಸುಖ ಎಲ್ಲಿ? ಸಾಲಲ್ಲಿ ನಿಲ್ಲಬೇಕಲ್ಲ, ನಾಲ್ಕೂವರೆಗೇ ಏಳೋ ಹಾಗಾಯ್ತು. ಮನೆಗೆ ನಲ್ಲಿ ಬಂದ್ಮೇಲೆ ಹೊರೋದು ತಪ್ಪಿತು, ಬೆನ್ನು ನೋವು ಹೋಯ್ತು. ನೀನು ಒಂದು ಬೆರಳಲ್ಲಿ ಗುಂಡಿ ಒತ್ತುತೀಯ. ಅದು ಬದಲಾವಣೆ ಅಲ್ವಾ?"

"ನೋಡಿದ್ಯಾ!" ಎಂದು ಇವರು ಮೇಜು ಕುಟ್ಟಿದರು.

"ನೀನು ಕುಣೀಬೇಡ" ಎಂದರು ಅತ್ತೆ ಮಗನಿಗೆ. "ಬಾವಿ ಕಾಲದಲ್ಲಿ ನಿಮ್ಮಪ್ಪ ಮಲಗಿರ್ತಿದ್ರು. ನಲ್ಲಿ ಕಾಲದಲ್ಲಿ ಮಲಗಿರ್ತಿದ್ರು. ಈಗ ಮೋಟಾರು ಕಾಲ, ನೀನು ಮಲಗಿರ್ತೀಯ."

ಇವರ ಮುಖ ಹುಳಿ ತಿಂದ ಹಾಗಾಯಿತು. ನನಗೂ ನಗು ಬರಬೇಕಿತ್ತು, ಬರಲಿಲ್ಲ, ಏಕೆಂದರೆ ಅದೇ ಕ್ಷಣಕ್ಕೆ ತಲೆಯಲ್ಲಿ ದೀಪ ಹತ್ತಿತ್ತು. ಅತ್ತೆ ನಮ್ಮ ಹಾಗೆ ಬದಲಾವಣೆಯನ್ನು ಒಂದು ಕಡೆ, ಮುಂದುವರಿಕೆಯನ್ನು ಇನ್ನೊಂದು ಕಡೆ ಇಟ್ಟಿರಲಿಲ್ಲ. ಒಂದು ಕೆಲಸವನ್ನು ಹಿಡಿದುಕೊಂಡು ಕಾಲದ ಜೊತೆ ನಡೆದಿದ್ದರು. ಪ್ರತಿ ತಿರುವಿನಲ್ಲೂ ನಿಂತು ಏನು ಹೋಯಿತು, ಏನು ಉಳಿಯಿತು ಎರಡನ್ನೂ ಹೇಳಿದ್ದರು. ಮೊದಲು ಮತ್ತು ಕೊನೆ ಮಾತ್ರ ಹೇಳಿ ಮಧ್ಯವನ್ನು ಹಾರಿಸಿರಲಿಲ್ಲ. ಹಾರಿಸಿದ್ದರೆ ಆ ನಾಲ್ಕೂವರೆಯ ವಿಷಯ ನಮಗೆ ಗೊತ್ತೇ ಆಗುತ್ತಿರಲಿಲ್ಲ.

"ರೀ, ಗೆರೆ ತಪ್ಪಾಗಿ ಎಳೆದಿದ್ದೀವಿ" ಎಂದೆ. "ಉದ್ದ ಅಲ್ಲ, ಅಡ್ಡ ಎಳೀಬೇಕು."

ಸೋಮವಾರ ಹೆಡ್ ಮಿಸ್ ಹಿಂದಿನ ಬೆಂಚಿನಲ್ಲಿ ಬಂದು ಕೂತರು. ಕಿಟಕಿಯಾಚೆ ಪಿ.ಟಿ. ಮೇಷ್ಟ್ರ ಸೀಟಿ ಹೊಳೆಯುತ್ತಿತ್ತು. ನನ್ನ ಯಜಮಾನರು ಹಲಗೆಯ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆದು ಪಠ್ಯದ ಇಸವಿಗಳನ್ನು ಬರೆದರು. ೧೮೫೦, ಬಾವಿ. ೧೮೯೮, ಬೀದಿ ನಲ್ಲಿ. ೧೯೩೬, ಅನುಕೂಲಸ್ಥರ ಬೀದಿಗಳಿಗೆ ಮನೆ ನಲ್ಲಿ. ೧೯೭೨, ಮೋಟಾರು, ಟ್ಯಾಂಕು. ಕೊನೆಗೆ ೨೦೦೦. ಅದರ ಕೆಳಗೆ ನಾನು ಮೂರು ಅಡ್ಡ ಗೆರೆ ಎಳೆದು ಎಡಗಡೆ ಬರೆದೆ: ನೀರು ಎಲ್ಲಿಂದ? ತರುವವರು ಯಾರು? ಮೊದಲು ಯಾರಿಗೆ?

"ಒಂದೊಂದು ಎಳೆನೂ ಈ ತುದಿಯಿಂದ ಆ ತುದಿಗೆ ಹಿಡ್ಕೊಂಡು ಹೋಗಿ" ಎಂದೆ. "ಪ್ರತಿ ಇಸವಿ ಕೆಳಗೂ ಕೇಳಿ, ಇಲ್ಲಿ ಏನು ಬದಲಾಯ್ತು, ಏನು ಉಳೀತು, ಯಾಕೆ."

ಮೊದಲ ಎಳೆ ಸಲೀಸಾಗಿ ಹೋಯಿತು. ಎರಡನೆಯದರಲ್ಲಿ ಒಬ್ಬ ಹುಡುಗ, "ಹೆಂಗಸರೇ ಸಾರ್, ಕೊನೇ ತನಕ" ಎಂದ.

"ಹೇಗೆ ಗೊತ್ತು?" ಎಂದರು ಇವರು. "ಮುಂದುವರೀತು ಅಂತ ಹೇಳಿದ್ರೆ ಸಾಲದು, ಅದಕ್ಕೂ ಸಾಕ್ಷಿ ಬೇಕು. ಶುರುವಲ್ಲಿ ಒಂದು, ಮಧ್ಯದಲ್ಲಿ ಒಂದು, ಕೊನೇಲಿ ಒಂದು."

ಮಕ್ಕಳು ಪುಸ್ತಕ ತಿರುವಿದರು. ಬಾವಿಕಟ್ಟೆಯ ಬಗ್ಗೆ ಒಬ್ಬ ಪ್ರವಾಸಿ ಬರೆದ ಸಾಲು ಸಿಕ್ಕಿತು. ಬೀದಿ ನಲ್ಲಿಯ ಸಾಲಿನ ಹಳೆಯ ಫೋಟೋ ಸಿಕ್ಕಿತು, ಇಪ್ಪತ್ತಮೂರು ಜನರಲ್ಲಿ ಒಬ್ಬನೂ ಗಂಡಸಿಲ್ಲ. ಕೊನೆಯದಕ್ಕೆ ಪುರಸಭೆಯ ಮನೆಮನೆ ಸಮೀಕ್ಷೆ ಸಿಕ್ಕಿತು: ನೀರು ಬರುವ ಹೊತ್ತು ಕಾಯುವವರು ನೂರಕ್ಕೆ ಎಂಬತ್ತಾರು ಮನೆಗಳಲ್ಲಿ ಹೆಂಗಸರು.

"ಮಿಸ್, ಹಾಗಾದ್ರೆ ನೀರು ಒದ್ದೆಯಾಗಿ ಉಳೀತು ಅನ್ನೋದಕ್ಕೂ ನನ್ ಹತ್ರ ಸಾಕ್ಷಿ ಇದೆ" ಎಂದ ನಮ್ಮ ಮಹಾನುಭಾವ.

"ಬದಲಾಗೋಕೆ ಸಾಧ್ಯ ಇದ್ದೂ ಬದಲಾಗದೇ ಇದ್ದದ್ದನ್ನ ಮಾತ್ರ ಲೆಕ್ಕಕ್ಕೆ ತಗೋ, ಮಹಾರಾಯ" ಎಂದೆ. "ನೀರು ಒಣಗೋಕಾಗಲ್ಲ. ಗಂಡಸರು ಏಳೋಕಾಗ್ತಿತ್ತು."

ಹೆಡ್ ಮಿಸ್ ಬಾಯಿಗೆ ಕರವಸ್ತ್ರ ಇಟ್ಟುಕೊಂಡರು.

"ಆದ್ರೂ ಕೆಲಸ ಹಗುರ ಆಯ್ತಲ್ಲ" ಎಂದರು ಇವರು, ಮಕ್ಕಳಿಗಲ್ಲ, ನನಗೆ. "ಹನ್ನೆರಡು ಕೊಡ ಎಲ್ಲಿ, ಒಂದು ಗುಂಡಿ ಎಲ್ಲಿ?"

"ಹಗುರ ಆಯ್ತು, ಒಪ್ಪಿದೆ. ಕೈ ಬದಲಾಯ್ತಾ?"

"ಕೈ ಬದಲಾಗಲಿಲ್ಲ, ಒಪ್ಪಿದೆ. ಆದ್ರೆ ಏನೂ ಬದಲಾಗಿಲ್ಲ ಅಂದೆಯಲ್ಲ ನಿನ್ನೆ?"

"ನೀವು ಸಂಪೂರ್ಣ ಅಂದಿರಲ್ಲ?"

ಅರವತ್ತೆಂಟು ಕತ್ತುಗಳು ಆ ಕಡೆಯಿಂದ ಈ ಕಡೆಗೆ ತಿರುಗುತ್ತಿದ್ದವು. ಅಷ್ಟರಲ್ಲಿ ಪಟ್ಟಿ ಎದ್ದು ನಿಂತಳು. "ಸಾರ್, ಮಿಸ್, ಒಂದು ನಿಮಿಷ. ಇಬ್ಬರೂ ಹೇಳಿದ್ದನ್ನ ಒಂದೇ ವಾಕ್ಯದಲ್ಲಿ ಬರೀಬಹುದಾ?" ಎಂದು ಕೇಳಿ, ನೋಟ್‌ಬುಕ್ಕಿನಿಂದ ಓದಿದಳು: "ಸಾವಿರದ ಒಂಬೈನೂರ ಎಪ್ಪತ್ತೆರಡರ ನಂತರ ಮೋಟಾರು ಬಂದು ನೀರು ಹೊರುವ ಶ್ರಮ ಬಹಳ ಕಡಿಮೆಯಾಯಿತು; ಹೀಗಿದ್ದರೂ ನೀರಿಗಾಗಿ ಏಳುವ ಹೊಣೆ ಬಾವಿಯ ಕಾಲದಂತೆ ಹೆಂಗಸರ ಮೇಲೆಯೇ ಉಳಿಯಿತು, ಏಕೆಂದರೆ ಬದಲಾದದ್ದು ಯಂತ್ರ, ಮನೆಯೊಳಗಿನ ಕೆಲಸದ ಹಂಚಿಕೆಯಲ್ಲ."

ಒಂದು, ಎರಡು, ಮೂರು ಎಂದು ಬರೆಯುತ್ತಿದ್ದ ಹುಡುಗಿಯ ಬಾಯಲ್ಲಿ 'ಹೀಗಿದ್ದರೂ' ಮತ್ತು 'ಏಕೆಂದರೆ' ಕೇಳಿ ನನ್ನ ಕಣ್ಣು ತುಂಬಿತು. ನಾನು ಹಲಗೆಗೆ ಮುಖ ಮಾಡಿ, ಬರೆದದ್ದನ್ನೇ ಮತ್ತೆ ತಿದ್ದಿದೆ.

ಉಳಿದ ದಿನಗಳಲ್ಲಿ ಇದನ್ನೇ ಅರೆದು ಕುಡಿಸಿದೆವು. ಮೂರನೆಯ ಎಳೆಯಲ್ಲಿ, ಬಾವಿಯಿದ್ದಾಗಲೂ ನಲ್ಲಿ ಬಂದಾಗಲೂ ಅನುಕೂಲಸ್ಥರ ಬೀದಿಗೇ ಮೊದಲು ನೀರು ಎಂಬುದನ್ನು ಮಕ್ಕಳೇ ಕಂಡುಹಿಡಿದರು. ಬದಲಾವಣೆ ಒಂದೇ ವೇಗದಲ್ಲಿ ಬರಲಿಲ್ಲ, ಮೊದಲ ಐವತ್ತು ವರ್ಷ ನಿಧಾನ, ಆಮೇಲೆ ಚುರುಕು ಎಂಬುದನ್ನು ಇವರು ಹೇಳಿಕೊಟ್ಟರು. ಕೊನೆಗೆ ತೀರ್ಪು ಕೊಡದೆ ಪೆನ್ನು ಮುಚ್ಚಬಾರದು ಎಂದು ನಾನು ಗದರಿದೆ. ಯಾವುದರಲ್ಲಿ ಹೆಚ್ಚು ಬದಲಾಯಿತು, ಯಾವುದರಲ್ಲಿ ಕಡಿಮೆ, ಒಟ್ಟಿನಲ್ಲಿ ಎಷ್ಟು ಎಂದು ಹೇಳಲೇಬೇಕು. 'ಎರಡೂ ಸಮ' ಎಂದು ಜಾರಿಕೊಳ್ಳುವವರಿಗೆ ಸ್ಕೇಲು ತೋರಿಸಿದೆ.

ಈ ನಡುವೆ ಮನೆಯಲ್ಲಿ ಒಂದು ಘಟನೆ ನಡೆಯಿತು. ಆ ಪಾಠದ ಮರುದಿನ ಬೆಳಿಗ್ಗೆ ಐದಕ್ಕೆ ಇವರು ಎದ್ದು, ಚಪ್ಪಲಿ ಅದಲುಬದಲು ಹಾಕಿಕೊಂಡು, ಮೋಟಾರು ಹಾಕಿ ಬಂದರು. ಬಂದು ಮಲಗಿಬಿಟ್ಟರು. ಟ್ಯಾಂಕು ಉಕ್ಕಿ, ಮೇಲಿನಿಂದ ಬಿದ್ದ ನೀರು ಒಣಹಾಕಿದ್ದ ಅವರದೇ ಪ್ಯಾಂಟುಗಳನ್ನು ತೋಯಿಸಿತು. ಓಡಿ ಹೋಗಿ ಆರಿಸಿದವಳು ನಾನು. ಆದರೂ ಎದ್ದರಲ್ಲ ಎಂಬ ಖುಷಿ ತಡೆಯಲಾರದೆ ತರಗತಿಯಲ್ಲಿ ಹೇಳಿಬಿಟ್ಟೆ. ಮಕ್ಕಳು ಚಪ್ಪಾಳೆ ಹೊಡೆದರು. ಇವರು ಸ್ಟಾಫ್ ರೂಮಿನಲ್ಲಿ ಒಂದು ವಾರ ಇತಿಹಾಸಪುರುಷನ ಹಾಗೆ ಓಡಾಡಿದರು.

ಪರೀಕ್ಷೆ ಮುಗಿದು, ಪಕ್ಕದ ಶಾಲೆಯಿಂದ ಕಟ್ಟು ಬಂತು. ಹೆಡ್ ಮಿಸ್ ಕೂಡಿ ಭಾಗಿಸಿ ತಲೆ ಎತ್ತುವಷ್ಟರಲ್ಲಿ ನನ್ನ ಸೆರಗಿನ ತುದಿ ಹಿಂಡಿ ಹಿಪ್ಪೆಯಾಗಿತ್ತು.

"ಎಂಟು ಪಾಯಿಂಟ್ ನಾಲ್ಕು" ಎಂದರು. "ಹತ್ತನೇ ತರಗತಿ ನಿಮ್ಮದೇ. ಇದೊಂದು ಓದಿ. ಹನ್ನೆರಡಕ್ಕೆ ಹನ್ನೆರಡು ಕೊಟ್ಟಿದ್ದಾರೆ, ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದಾರೆ."

ಪಟ್ಟಿಯ ಉತ್ತರ. ನಾವಿಬ್ಬರೂ ಒಂದೇ ಕುರ್ಚಿಗೆ ಬಗ್ಗಿ ಓದಿದೆವು. ಮೊದಲ ವಾಕ್ಯದಲ್ಲೇ ತೀರ್ಪು, ಮೂರು ಎಳೆ, ಪ್ರತಿ ಎಳೆಗೂ ಮಧ್ಯದ ತಿರುವು, ಎಲ್ಲೂ ಅಂಕಿ ಹಾಕಿದ ಪಟ್ಟಿಯಿಲ್ಲ. ಎರಡು ಗೆರೆ ಎಳೆದಿದ್ದ ಭಾಗ ಕೊನೆಯಲ್ಲಿತ್ತು:

"ಇತ್ತೀಚೆಗೆ ಗಂಡಸರೂ ಬೆಳಿಗ್ಗೆ ಎದ್ದು ಮೋಟಾರು ಹಾಕಿದ ಒಂದು ಉದಾಹರಣೆ ನನ್ನ ಗಮನಕ್ಕೆ ಬಂದಿದೆ. ಆದರೆ ಒಂದೇ ಮನೆಯ, ಒಂದೇ ದಿನದ ಸಾಕ್ಷಿಯಿಂದ ಬದಲಾವಣೆಯಾಗಿದೆ ಎಂದು ಹೇಳಲಾಗದು. ಅಲ್ಲದೆ ಆರಿಸಿದವರು ಯಾರು ಎಂಬುದನ್ನೂ ನೋಡಬೇಕಾಗುತ್ತದೆ."

ಹೆಡ್ ಮಿಸ್ ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ಕಿಟಕಿಯಾಚೆ ಸೀಟಿ ಕೂಡ ಅಲುಗಾಡಿತು. ನನ್ನ ಯಜಮಾನರು ಮಾತ್ರ ನಗಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಮನೆಗೆ ಹೋಗುವ ಬಸ್ಸಿನಲ್ಲಿ, "ಒಂದೇ ದಿನ ಅಂತ ಬರೆದಿದ್ದಾಳೆ ನೋಡು. ಅವಳು ಹೇಳಿದ್ದು ಸರಿ ಕಣೇ" ಎಂದರು. ಇಪ್ಪತ್ತಾರು ವರ್ಷದಲ್ಲಿ ಅವರು 'ಸರಿ' ಎಂದದ್ದು ನನಗಲ್ಲ, ಹದಿನೈದು ವರ್ಷದ ಹುಡುಗಿಗೆ. ಇರಲಿ.

ಅದಾಗಿ ನಾಲ್ಕು ತಿಂಗಳಾಯಿತು. ದಿನವೂ ಐದಕ್ಕೆ ಇವರೇ ಏಳುತ್ತಾರೆ. ಮೋಟಾರಿನ ಪಕ್ಕ ಸ್ಟೂಲು ಹಾಕಿಕೊಂಡು, ಟ್ಯಾಂಕು ತುಂಬುವ ತನಕ ಕೂತು, ತಾವೇ ಆರಿಸಿ ಬರುತ್ತಾರೆ. ಅತ್ತೆ ಮೊದಲ ವಾರ ನಂಬದೆ ಬಾಗಿಲ ಸಂದಿಯಿಂದ ಇಣುಕಿ ನೋಡಿದರು. "ನಿಮ್ಮಪ್ಪ ಇದನ್ನ ನೋಡ್ಬೇಕಿತ್ತು" ಎಂದು ಒಂದು ದಿನ ಹೇಳಿ, ಯಾಕೋ ಕಣ್ಣೊರೆಸಿಕೊಂಡರು.

ಪಟ್ಟಿಗೆ ಹೇಳಬೇಕು, ಈಗ ಸಾಕ್ಷಿ ಸಾಕಷ್ಟಿದೆ, ಬದಲಾವಣೆ ಎಂದೇ ಬರೆಯಬಹುದು ಎಂದು. ಆದರೆ ಅವಳು ಸುಮ್ಮನೆ ಒಪ್ಪುವವಳಲ್ಲ. ಮಿಸ್, ಆ ಹೊತ್ತಿಗೆ ನೀವು ಏನು ಮಾಡ್ತಿರ್ತೀರಿ ಎಂದು ಕೇಳಿಯೇ ಕೇಳುತ್ತಾಳೆ. ನಿಜ ಹೇಳಬೇಕಾಗುತ್ತದೆ. ಐದಕ್ಕೆ ಐದು ನಿಮಿಷವಿರುವಾಗ ನನಗೆ ತಾನಾಗಿಯೇ ಎಚ್ಚರವಾಗುತ್ತದೆ. ಹೊದಿಕೆಯೊಳಗೆ ಕಣ್ಣು ಮುಚ್ಚಿಕೊಂಡು ಮೋಟಾರಿನ ಸದ್ದನ್ನೇ ಕೇಳುತ್ತಾ ಇರುತ್ತೇನೆ, ಅವರು ಆರಿಸುವ ತನಕ.